ಪದಚರ್ಚೆ: 'ಪರವಲಯದಿಂದ ಆವೃತವಾದ ಪ್ರದೇಶ' ಅಂದರೆ ಯಾವ ಪ್ರದೇಶ?

ಎಲ್ಲರಿಗೂ ನಮಸ್ಕಾರ.

ಅನುಕಲನದ ಪಾಠವೊಂದರ ಕನ್ನಡ ಕರಡು ನನ್ನ ಕೈಯಲ್ಲಿದೆ, ಭಾಷೆ ತಿದ್ದುವ ಕೆಲಸ ನನ್ನದು. ಅದರಲ್ಲಿ ಒಂದು ಲೆಕ್ಕ ಹೀಗಿದೆ: "y = x² ಪರವಲಯದಿಂದ x = 0 ಮತ್ತು x = 2 ರ ನಡುವೆ ಆವೃತವಾದ ಪ್ರದೇಶದ ಗುರುತ್ವಕೇಂದ್ರವನ್ನು ಅನುಕಲನದಿಂದ ಕಂಡುಹಿಡಿಯಿರಿ." ಕೊಟ್ಟಿರುವ ಉತ್ತರ (3/2, 6/5).

ಕರಡನ್ನು ಇಬ್ಬರಿಗೆ ಕಳಿಸಿದ್ದೆ. ಒಬ್ಬರಿಗೆ (3/4, 12/5) ಬಂದಿದೆ, ಇನ್ನೊಬ್ಬರಿಗೆ (3/2, 12/5). ಇಬ್ಬರಿಗೂ y ಬೆಲೆ 12/5 ಬಂದಿರುವುದರಿಂದ 6/5 ಅಚ್ಚಿನ ತಪ್ಪಿರಬೇಕೆಂದು ಲೇಖಕರು ಈಗ ಅದನ್ನೇ ಬದಲಿಸಲು ಹೊರಟಿದ್ದಾರೆ. ನನಗೆ ಅನುಮಾನ 'ಆವೃತವಾದ' ಅನ್ನುವ ಪದದ ಮೇಲೆ. ಅದರ ಬದಲು ಏನು ಹಾಕಬಹುದು? ಜೊತೆಗೆ ಇಲ್ಲಿ 'ಗುರುತ್ವಕೇಂದ್ರ' ಸರಿಯೇ?

– ಸು. ರಾ.

*

ಸು. ರಾ. ಅವರೇ,

ನಿಮ್ಮ ಅನುಮಾನ ಸರಿ. ಪರವಲಯ ಬಟ್ಟಲಿನಂತೆ ಮೇಲಕ್ಕೆ ಬಾಯ್ತೆರೆದಿದೆ. 'ಆವೃತವಾದ' ಅಂದರೆ ಯಾರಾದರೂ ಬಟ್ಟಲಿನ ಒಳಗನ್ನೇ ನೋಡುತ್ತಾರೆ, ಹೊರಗನ್ನಲ್ಲ. ಇಬ್ಬರೂ ರೇಖೆಯ ಮೇಲಿನ ಭಾಗವನ್ನು ಹಿಡಿದಿದ್ದಾರೆ, ಅದಕ್ಕೇ ಇಬ್ಬರಿಗೂ 12/5. 'ಕೆಳಗಿನ' ಎಂದು ತಿದ್ದಿದರೆ ಎಲ್ಲರಿಗೂ 6/5 ಬರುತ್ತದೆ, ಲೇಖಕರು ಉತ್ತರ ಮುಟ್ಟುವುದು ಬೇಡ.

'ಗುರುತ್ವಕೇಂದ್ರ' ಮಾತ್ರ ಖಂಡಿತ ತಪ್ಪು. ಬರೀ ವಿಸ್ತೀರ್ಣಕ್ಕೆ ತೂಕ ಎಲ್ಲಿಂದ ಬಂತು? 'ಸೆಂಟ್ರಾಯ್ಡ್' ಅಂತಲೇ ಬರೆಯಿರಿ.

– ಎಂ. ಜಿ.

*

ಎಂ. ಜಿ. ಸರ್, ಮೊದಲನೆಯವರ ಮಟ್ಟಿಗೆ ನೀವು ಹೇಳಿದ್ದು ನಿಜ, ಎರಡನೆಯವರ ಮಟ್ಟಿಗೆ ಅಲ್ಲ. ಅವರ x ಬೆಲೆ 3/2. ಮೇಲಿನ ಭಾಗ ಹಿಡಿದಿದ್ದರೆ 3/4 ಬರಬೇಕಿತ್ತು. ಅವರು ಹಿಡಿದ ಪ್ರದೇಶ ಸರಿಯಾಗಿಯೇ ಇದೆ, ಎಡವಿದ್ದು ಪಟ್ಟಿಯಲ್ಲಿ.

ರೇಖೆಯ ಕೆಳಗಿನ ಭಾಗವನ್ನು ನಿಂತ ಪಟ್ಟಿಗಳಾಗಿ ಸೀಳಿಕೊಳ್ಳಿ. ಒಂದು ಪಟ್ಟಿಯ ಅಗಲ dx, ಎತ್ತರ x². ಒಟ್ಟು ವಿಸ್ತೀರ್ಣ x² ನ ಅನುಕಲ, ಅಂದರೆ 8/3. y-ಅಕ್ಷದಿಂದ ಪಟ್ಟಿಯ ದೂರ x ಆದ್ದರಿಂದ x·x² ಅನ್ನು 0 ಯಿಂದ 2 ರವರೆಗೆ ಕೂಡಿದರೆ 4. ಅದನ್ನು 8/3 ರಿಂದ ಭಾಗಿಸಿದರೆ 3/2. ಇಲ್ಲಿಯವರೆಗೆ ಯಾರೂ ತಪ್ಪುವುದಿಲ್ಲ.

y ಬೆಲೆಗೆ ಬಂದಾಗ ಕೈ ತಾನಾಗಿ ಅದೇ ದಾರಿ ಹಿಡಿಯುತ್ತದೆ: 'x-ಅಕ್ಷದಿಂದ ದೂರ y, ಆದ್ದರಿಂದ y·y dx.' ಆದರೆ ಈ ಪಟ್ಟಿ ರೇಖೆಯ ಮೇಲೆ ಕೂತಿಲ್ಲ. ಅದರ ಬುಡ x-ಅಕ್ಷದಲ್ಲಿದೆ, ತುದಿ ಮಾತ್ರ ರೇಖೆಯಲ್ಲಿದೆ, ಅದರ ಸ್ವಂತ ಮಧ್ಯ ಇರುವುದು y/2 ಎತ್ತರದಲ್ಲಿ. ಹಾಗಾಗಿ ಕೂಡಬೇಕಾದ್ದು (y/2)·y dx, ಅಂದರೆ x⁴ ನ ಅರ್ಧ. ಅದು 16/5 ಆಗುತ್ತದೆ, 8/3 ರಿಂದ ಭಾಗಿಸಿದರೆ 6/5. ಆ ಅರ್ಧವನ್ನು ಬಿಟ್ಟರೆ ಉತ್ತರ ಸರಿಯಾಗಿ ಎರಡು ಪಟ್ಟು: 12/5.

ಯಾವುದು ಸರಿ ಎಂದು ಲೇಖಕರಿಗೆ ತೋರಿಸಲು ಬಹುಮತ ಬೇಕಾಗಿಲ್ಲ. 2 ಅಗಲ, 4 ಎತ್ತರದ ಆಯತವನ್ನು ಬರೆಯಿರಿ. ಪರವಲಯ ಅದನ್ನು ಎರಡಾಗಿ ಸೀಳುತ್ತದೆ: ಕೆಳಗೆ 8/3, ಮೇಲೆ 16/3. ಮೇಲಿನದು ಕೆಳಗಿನದರ ಎರಡರಷ್ಟು. ಇಡೀ ಆಯತದ ಕೇಂದ್ರ 2 ಎತ್ತರದಲ್ಲಿದೆ. ಮೇಲಿನ ಭಾಗದ 12/5 ಅನ್ನು ಎರಡು ಸಲ, ಕೆಳಗಿನ ಭಾಗದ 6/5 ಅನ್ನು ಒಂದು ಸಲ ಕೂಡಿ ಮೂರರಿಂದ ಭಾಗಿಸಿ, ಸರಿಯಾಗಿ 2 ಬರುತ್ತದೆ. ಕೆಳಗಿನದಕ್ಕೂ 12/5 ಇದ್ದಿದ್ದರೆ ಎರಡೂ ತುಂಡುಗಳ ಕೇಂದ್ರ ಆಯತದ ನಡುವಿಗಿಂತ ಮೇಲೆ ಇರಬೇಕಾಗುತ್ತಿತ್ತು, ಅದು ಹೇಗೆ ಸಾಧ್ಯ?

(3/2, 12/5) ಬಿಂದು ರೇಖೆಗಿಂತ ಮೇಲೆ, ಪ್ರದೇಶದ ಹೊರಗೆ ಬೀಳುತ್ತದೆ, ಹಾಗಾಗಿ ತಪ್ಪು ಎಂದು ವಾದಿಸಲು ಹೋಗಬೇಡಿ. ಒಳಕ್ಕೆ ಬಾಗಿದ ಅಂಚಿರುವ ಆಕೃತಿಯ ಕೇಂದ್ರ ಹೊರಗಿರಲೂಬಹುದು. ಆಯತದ ತಾಳೆಯೇ ಗಟ್ಟಿ.

– ವಿ.

*

ವಿ. ಸರ್, ನನ್ನ ಲೆಕ್ಕದಲ್ಲಿ 6/5 ಬರುತ್ತಿಲ್ಲ, 12/5 ಸಹ ಬರುತ್ತಿಲ್ಲ. ಪರವಲಯದ ಕೆಳಗೆ, x-ಅಕ್ಷದ ಮೇಲೆ, ಎತ್ತರ 4. ನಮ್ಮ ಮಗಳ ಪುಸ್ತಕದಲ್ಲಿ 8/5 ಎಂದಿದೆ, ನನಗೂ ಅದೇ ಬಂತು. x ಬೆಲೆ ಸೊನ್ನೆ. ಹಾಗಾದರೆ ಎಲ್ಲಾ ಮೂರೂ ತಪ್ಪೇ?

– ಲ. ಕೆ.

*

ಲ. ಕೆ. ಮೇಡಂ, ನಿಮ್ಮದು y = 4 − x² ಇರಬೇಕು, ಕಮಾನಿನಂತೆ ಬೋರಲು ಬಿದ್ದ ಪರವಲಯ, −2 ರಿಂದ 2 ರವರೆಗೆ. ಅದಕ್ಕೆ 8/5 ಸರಿ. ಸು. ರಾ. ಅವರು ಕೇಳಿದ್ದು ಬೇರೆ ಪ್ರದೇಶ, ಆದರೆ ನೀವು ಕೇಳಿದ್ದು ಒಳ್ಳೆಯದೇ ಆಯಿತು. ನಿಮ್ಮ ಕಮಾನನ್ನು ತಲೆಕೆಳಗು ಮಾಡಿದರೆ ಅದು ಎಂ. ಜಿ. ಹೇಳಿದ ಬಟ್ಟಲಿನ ಒಳಭಾಗ. ಶೃಂಗದಿಂದ ಅಳೆದರೆ ಕೇಂದ್ರ 12/5 ದೂರ, ತಳದಿಂದ ಅಳೆದರೆ 8/5. ಆರ್ಕಿಮಿಡೀಸ್ ಅನುಕಲನವಿಲ್ಲದೆಯೇ ತೋರಿಸಿದ 3:2 ಪ್ರಮಾಣ ಇದೇ.

ಅಂದಮೇಲೆ 'ಕೆಳಗಿನ' ಎಂಬ ಪದವೂ ಪೂರ್ತಿ ಕಾಯುವುದಿಲ್ಲ. ಬಟ್ಟಲಿನ ಕೆಳಗೆ ಅಂದರೆ ಪರವಲಯದ ಹೊರಗು, ಕಮಾನಿನ ಕೆಳಗೆ ಅಂದರೆ ಅದರ ಒಳಗು.

– ವಿ.

*

ಸರಿ, ಎರಡನೆಯವರದು ಪಟ್ಟಿಯ ತಪ್ಪು, ಒಪ್ಪೋಣ. ಆದರೆ ಒಬ್ಬರು ಬೇರೆ ಪ್ರದೇಶ ಹಿಡಿದು, ಇನ್ನೊಬ್ಬರು ಅರ್ಧ ಮರೆತು, ಇಬ್ಬರಿಗೂ 12/5 ಬರುವುದು ಕಾಕತಾಳೀಯವೇ?

– ಎಂ. ಜಿ.

*

ಪೂರ್ತಿ ಕಾಕತಾಳೀಯ ಅಲ್ಲ. x³ ಇಟ್ಟು ನೋಡಿ, 0 ಯಿಂದ 1 ರವರೆಗೆ: ಅರ್ಧ ಮರೆತರೆ 4/7, ಮೇಲಿನ ಭಾಗಕ್ಕೂ 4/7. ಮೂಲಬಿಂದುವಿನಿಂದ ಹೊರಡುವ ಯಾವ ಘಾತ ರೇಖೆಗೂ ಹೀಗೇ. y = xⁿ ಆದಾಗ x dy ಅನ್ನುವುದು y dx ನ n ಪಟ್ಟು. ಅಂದರೆ ಮೇಲಿನ ಭಾಗದ ಅಡ್ಡ ಪಟ್ಟಿ, ಅದೇ ಬಿಂದುವಿನ ನಿಂತ ಪಟ್ಟಿಯ n ಪಟ್ಟು. ಅಡ್ಡ ಪಟ್ಟಿಯ ಎತ್ತರ ನಿಜವಾಗಿಯೂ y, ಅಲ್ಲಿ ಅರ್ಧ ಬೇಕಿಲ್ಲ. ಭಾಗಿಸುವಾಗ ಮೇಲೂ ಕೆಳಗೂ ಇರುವ n ಹೊಡೆದುಹೋಗುತ್ತದೆ.

ಪರವಲಯವನ್ನು ಒಂದು ಮಾನ ಮೇಲೆತ್ತಿ y = x² + 1 ಮಾಡಿ, 0 ಯಿಂದ 1 ರವರೆಗೆ ನೋಡಿದರೆ ಈ ಹೊಂದಾಣಿಕೆ ಮುರಿಯುತ್ತದೆ. ಅರ್ಧ ಮರೆತವರಿಗೆ 7/5, ರೇಖೆಯ ಮೇಲಿನ ಭಾಗಕ್ಕೆ 8/5. ಲೇಖಕರು ಆ ರೇಖೆಯನ್ನು ಕೊಟ್ಟಿದ್ದರೆ ಇಬ್ಬರ ಉತ್ತರ ಹೊಂದುತ್ತಲೇ ಇರಲಿಲ್ಲ.

'ಗುರುತ್ವಕೇಂದ್ರ' ಇರಲಿ ಎಂಬುದು ನನ್ನ ಮತ. ಒಂದೇ ದಪ್ಪದ, ಒಂದೇ ಸಾಂದ್ರತೆಯ ತಗಡು ಎಂದುಕೊಂಡರೆ ಎರಡೂ ಒಂದೇ ಬಿಂದು. ತ್ರಿಭುಜಕ್ಕೆ ಹೇಳುವಾಗ ಯಾರೂ ತೂಕ ಕೇಳುವುದಿಲ್ಲವಲ್ಲ.

– ವಿ.

*

ಎಲ್ಲರಿಗೂ ಧನ್ಯವಾದ. ಹೀಗೆ ಬರೆದಿದ್ದೇನೆ: "y = x² ಪರವಲಯ, x-ಅಕ್ಷ ಮತ್ತು x = 2 ರೇಖೆ, ಈ ಮೂರರ ನಡುವಿನ ಪ್ರದೇಶದ ಗುರುತ್ವಕೇಂದ್ರ." ಮೇಲೆ, ಕೆಳಗೆ, ಆವೃತ, ಮೂರೂ ಹೋದವು. 6/5 ಉಳಿಸಿ ಎಂದು ಆಯತದ ತಾಳೆಯೊಂದಿಗೆ ಲೇಖಕರಿಗೆ ಕಳಿಸಿದ್ದೇನೆ.

– ಸು. ರಾ.

*

ಪ್ರದೇಶದ ಮಾತಿಗೆ ಒಪ್ಪಿಗೆ. 'ಗುರುತ್ವಕೇಂದ್ರ'ಕ್ಕೆ ಇಲ್ಲ. ತಗಡಿನ ಸಾಂದ್ರತೆ ಕಡೆಯಿಂದ ಕಡೆಗೆ ಬದಲಾಗುವ ಲೆಕ್ಕ ಮುಂದಿನ ಅಧ್ಯಾಯದಲ್ಲಿ ಬಂದೇ ಬರುತ್ತದೆ. ಆಗ ಎರಡು ಬಿಂದುಗಳೂ ಬೇರೆಯಾಗುತ್ತವೆ, ಎರಡಕ್ಕೂ ಒಂದೇ ಪದ ಇಟ್ಟುಕೊಂಡು ಏನು ಮಾಡುತ್ತೀರಿ?

– ಎಂ. ಜಿ.