ಸಹಾಯ ಬೇಕು: ಇಷ್ಟವಾದ ಫ್ಲ್ಯಾಟ್‌ನ ಒಂದು ಗೋಡೆ ಒದ್ದೆಯಾಗಿದೆ

ಎಲ್ಲರಿಗೂ ನಮಸ್ಕಾರ. ಮೊದಲ ಬಾರಿಗೆ ಮನೆ ಕೊಳ್ಳುತ್ತಿದ್ದೇನೆ. ಭಾನುವಾರ ಬೆಳಗಿನಿಂದ ಸಂಜೆಯವರೆಗೆ ಬ್ರೋಕರ್ ಜೊತೆ ಆರು ಫ್ಲ್ಯಾಟ್ ನೋಡಿದೆ. ಐದು ಹಿಡಿಸಲಿಲ್ಲ. ಆರನೆಯದಕ್ಕೆ ಹತ್ತುವಾಗ ಕಾಲು ಸೋತಿತ್ತು, ಆದರೆ ಒಳಗಿನ ಗಾಳಿ, ಬೆಳಕು ಕಂಡು ಮನಸ್ಸು ಅಲ್ಲೇ ನಿಂತಿತು.

ಮಲಗುವ ಕೋಣೆಯ ಒಂದು ಗೋಡೆಗೆ ಮಾತ್ರ, ಅದೂ ಮೊಣಕಾಲೆತ್ತರದವರೆಗೆ, ಹೊಸ ಬಣ್ಣ ಬಳಿದಿದ್ದರು. ಬೆರಳ ಗೆಣ್ಣಿನಿಂದ ತಟ್ಟಿದರೆ ಟೊಳ್ಳು ಸದ್ದು. ಕೆಳಗಿನ ಟೈಲ್ಸ್ ಸಂದಿಯಲ್ಲಿ ಉಪ್ಪಿನಂಥ ಬಿಳಿ ಪುಡಿ. ಗೋಡೆಯ ಆಚೆ ಬದಿ ಸ್ನಾನದ ಮನೆ.

ಬ್ರೋಕರ್ ಸ್ವಲ್ಪವೂ ಬೇಸರಿಸಲಿಲ್ಲ. ಬೆಳಗಿನಿಂದ ನನ್ನ ಪ್ರಶ್ನೆಗಳಿಗೆ ಉತ್ತರಿಸಿ ಅವರ ಗಂಟಲೂ ಒಣಗಿತ್ತು. ಆದರೂ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕುಳಿತು ತಾವೇ ತಟ್ಟಿ ನೋಡಿ, "ಮೇಡಂ, ಅವಸರ ಬೇಡ. ಮುಂಗಡ ಕೊಡುವ ಮೊದಲು ಕಾರಣ ತಿಳಿಯೋಣ, ಮತ್ತೊಮ್ಮೆ ಬೀಗದಕೈ ತರುತ್ತೇನೆ" ಎಂದರು. ಆ ಮಾತಿಗೆ ನಾನು ಋಣಿ.

ಮನೆ ಮೂರು ತಿಂಗಳಿಂದ ಖಾಲಿಯಿದೆಯಂತೆ. ನೆಲದಿಂದ ಇಳಿಯುವ ನೀರಾದರೆ ಯಾರೂ ಸ್ನಾನ ಮಾಡದಿರುವಾಗ ಕಡಿಮೆಯಾಗಬೇಕಿತ್ತು. ಹಾಗಾಗಿ ಗೋಡೆಯೊಳಗಿನ ಪೈಪ್ ಸೋರುತ್ತಿರಬಹುದೆಂದು ನನ್ನ ಅನುಮಾನ. ಎಲ್ಲ ನಲ್ಲಿ ಮುಚ್ಚಿ, ಮೀಟರಿನ ಮುಳ್ಳು ತಿರುಗುತ್ತದೆಯೇ ಎಂದು ನೋಡಬೇಕೆಂದಿದ್ದೇನೆ. ತಿರುಗದಿದ್ದರೆ ಮೋರಿಯ ಬಾಯಿ ಮುಚ್ಚಿ, ಬೆರಳಗಲ ನೀರು ನಿಲ್ಲಿಸಿ ಒಂದು ದಿನ ಬಿಡುವ ಯೋಚನೆಯಿದೆ.

ಈ ಪರೀಕ್ಷೆಗಳು ಸಾಕೇ? ಮೇಲಿನ ಮನೆಯಿಂದ ಇಳಿಯುತ್ತಿದ್ದರೆ ಗುರುತಿಸುವುದು ಹೇಗೆ? ಇಂಥ ಗೋಡೆ ರಿಪೇರಿ ಮಾಡಿಸಿದವರು ದಯವಿಟ್ಟು ತಿಳಿಸಿ. ಮುಂದಿನ ಭಾನುವಾರ ಮತ್ತೆ ಹೋಗುತ್ತಿದ್ದೇವೆ.