ಪದಚರ್ಚೆ: ಚಾವಣಿಯ ಮೇಲೆ ‘ಛಾಯೆ’ ಯಾವುದು, ‘ನೆರಳು’ ಯಾವುದು?

ಪ್ರಶ್ನೆ – ಅನುವಾದಕಿ, ಮೈಸೂರು

ಮಾನ್ಯರೇ, ಚಾವಣಿಯಲ್ಲಿ ಎಷ್ಟು ಸೌರವಿದ್ಯುತ್ತು ದೊರೆಯಬಹುದೆಂದು ಅಂದಾಜಿಸುವ ಕೈಪಿಡಿಯೊಂದನ್ನು ಪಾಲಿಟೆಕ್ನಿಕ್ ವಿದ್ಯಾರ್ಥಿಗಳಿಗಾಗಿ ಕನ್ನಡಕ್ಕೆ ತರುತ್ತಿದ್ದೇನೆ. ಕಟ್ಟಡ, ಮರ, ನೀರಿನ ಟ್ಯಾಂಕು ಎಲ್ಲವನ್ನೂ ಸೇರಿಸಿ ಊರಿನ ಎತ್ತರವನ್ನು ಚೌಕ ಚೌಕವಾಗಿ ದಾಖಲಿಸಿದ ‘ಮೇಲ್ಮೈ ಮಾದರಿ’ಯಿಂದ, ಬೆಳಗಿನಿಂದ ಸಂಜೆಯವರೆಗೆ ಯಾವ ಚೌಕಕ್ಕೆ ಎಷ್ಟು ಹೊತ್ತು ಬಿಸಿಲು ತಾಗುತ್ತದೆಂದು ಲೆಕ್ಕ ಹಾಕುವ ವಿಧಾನ ಅದರಲ್ಲಿದೆ. ಮೂಲದ ‘ಹಿಲ್‌ಶೇಡ್’ ಮತ್ತು ‘ಕಾಸ್ಟ್ ಶ್ಯಾಡೋ’ ಎರಡಕ್ಕೂ ‘ನೆರಳು’ ಎಂದೇ ಬರೆದಿದ್ದೆ. ಎರಡು ಬೇರೆ ಲೆಕ್ಕಗಳಿಗೆ ಒಂದೇ ಪದ ಬಂದಿದೆಯೆಂದು ಪರಿಶೀಲಕರು ಹಿಂದಿರುಗಿಸಿದ್ದಾರೆ. ಮೊದಲನೆಯದನ್ನು ‘ಛಾಯೆ’ ಎಂದರೆ ಸರಿಹೋದೀತೇ?

ನಿವೃತ್ತ ಕನ್ನಡ ಅಧ್ಯಾಪಕರು, ಧಾರವಾಡ

ಹಳಗನ್ನಡದ ‘ನೆಳಲ್’ ನಮ್ಮ ‘ನೆರಳು’ ಆಗಿದೆ. ತಮಿಳು, ಮಲಯಾಳಗಳ ‘ನಿಳಲ್’ ಅದರ ಬಳಗದ್ದೇ. ಮರದಡಿಯ ತಂಪಿಗೂ ಗೋಡೆಯ ಮೇಲೆ ಬಿದ್ದ ಆಕಾರಕ್ಕೂ ನಾವು ಇದನ್ನೇ ಬಳಸುತ್ತೇವೆ. ಸಂಸ್ಕೃತದ ‘ಛಾಯೆ’ಗೂ ಇದೇ ಇಬ್ಬಗೆ ಇರುವುದರಿಂದ, ಅದನ್ನು ತಂದ ಮಾತ್ರಕ್ಕೆ ತೊಡಕು ಬಿಡಿಸಿಕೊಳ್ಳದು. ‘ತನ್ನೆರಳು’, ‘ಬೀಳುನೆರಳು’ ಎಂದು ಹಂಚುವುದು ಲೇಸು. ಹೇಗಿದ್ದರೂ ಸೂರ್ಯ ನಮಗೆ ದಕ್ಷಿಣದಲ್ಲಿರುವುದರಿಂದ ನೆರಳು ಬೀಳುವುದು ಉತ್ತರಕ್ಕೇ. ವ್ಯತ್ಯಾಸ ಅಷ್ಟೇನೂ ದೊಡ್ಡದಾಗಲಾರದು.

ಭೂಮಾಹಿತಿ ತಂತ್ರಜ್ಞೆ, ಬೆಂಗಳೂರು

‘ಬೀಳುನೆರಳು’ ನನಗೆ ಒಪ್ಪಿಗೆ, ‘ತನ್ನೆರಳು’ ಒಪ್ಪಿಗೆಯಿಲ್ಲ, ಏಕೆಂದರೆ ಹಿಲ್‌ಶೇಡ್ ನೆರಳೇ ಅಲ್ಲ. ಆ ಲೆಕ್ಕ ಪ್ರತಿಯೊಂದು ಚೌಕದ ಇಳಿಜಾರನ್ನೂ ಅದು ಮುಖಮಾಡಿದ ದಿಕ್ಕನ್ನೂ ಮಾತ್ರ ನೋಡಿ, ಬಿಸಿಲು ಅಲ್ಲಿಗೆ ಎಷ್ಟು ನೇರವಾಗಿ ಬರುತ್ತದೆಂದು ಹೇಳುತ್ತದೆ. ನಡುವೆ ಏನು ಅಡ್ಡ ನಿಂತಿದೆ ಎಂಬುದು ಅದಕ್ಕೆ ತಿಳಿಯದು. ಸಮತಟ್ಟಾದ ಚಾವಣಿಯ ಪಕ್ಕದಲ್ಲೇ ಹತ್ತು ಅಂತಸ್ತಿನ ಕಟ್ಟಡವಿದ್ದರೂ ಇಡೀ ಚಾವಣಿಗೆ ಒಂದೇ ಬೆಲೆ ಬರುತ್ತದೆ. ತಪ್ಪು ಲೆಕ್ಕ ನಡೆದಿದೆಯೆಂದು ಪತ್ತೆಹಚ್ಚಲು ಇದೇ ಗುರುತು. ಬೀಳುನೆರಳಿಗಾದರೆ ಪ್ರತಿ ಚೌಕದಿಂದ ಸೂರ್ಯನ ದಿಕ್ಕಿಗೆ ಗೆರೆ ಎಳೆದು, ದಾರಿಯಲ್ಲಿ ಯಾವುದಾದರೂ ಚೌಕ ಆ ಗೆರೆಗಿಂತ ಎತ್ತರವಾಗಿದೆಯೇ ಎಂದು ನೋಡಬೇಕು.

ಇನ್ನು ದಿಕ್ಕಿನ ವಿಷಯದಲ್ಲಿ ಗುರುಗಳು ಮನ್ನಿಸಬೇಕು. ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮೂರನೆಯ ವಾರದವರೆಗೆ ನಡುಹಗಲಿನ ಸೂರ್ಯ ನಮಗೆ ಉತ್ತರದಲ್ಲಿರುತ್ತಾನೆ. ಚಾವಣಿಗಿಂತ 3 ಮೀಟರ್ ಎತ್ತರಕ್ಕಿರುವ ಟ್ಯಾಂಕನ್ನು ತೆಗೆದುಕೊಳ್ಳೋಣ. ಡಿಸೆಂಬರ್ 21ರ ನಡುಹಗಲು ಅದರ ನೆರಳು ಉತ್ತರಕ್ಕೆ ಸುಮಾರು 2.2 ಮೀಟರ್, ಜೂನ್ 21ರಂದು ದಕ್ಷಿಣಕ್ಕೆ ಅರ್ಧ ಮೀಟರಿಗಿಂತ ಸ್ವಲ್ಪ ಹೆಚ್ಚು. ಆದರೆ ಅದೇ ಡಿಸೆಂಬರ್ ದಿನ ಬೆಳಿಗ್ಗೆ 8 ಗಂಟೆಗೆ ಸೂರ್ಯನ ಎತ್ತರ 21 ಡಿಗ್ರಿಯಷ್ಟೇ ಇರುವುದರಿಂದ ನೆರಳು ವಾಯವ್ಯದ ಕಡೆಗೆ 7.8 ಮೀಟರ್ ಚಾಚುತ್ತದೆ. 30 × 40 ಅಡಿ ನಿವೇಶನದ ಚಾವಣಿಯನ್ನು ಅದು ಬಹುಮಟ್ಟಿಗೆ ದಾಟಿಬಿಡುತ್ತದೆ. ಈ 8 ಗಂಟೆ ಸೂರ್ಯನ ಲೆಕ್ಕದ್ದು. ನಮ್ಮ ಗಡಿಯಾರದಲ್ಲಿ ಆಗ 8:18 ಆಗಿರುತ್ತದೆ. ಬಿಸಿಲಿನ ಲೆಕ್ಕ ಹಾಕುವ GRASS ತಂತ್ರಾಂಶದ `r.sun` ಆದೇಶ ಕೂಡ ರೂಢಿಯಂತೆ ಸೌರಸಮಯವನ್ನೇ ಕೇಳುತ್ತದೆ ಮತ್ತು ಬೇರೆ ಹೇಳದಿದ್ದರೆ ಅರ್ಧ ಗಂಟೆಗೊಮ್ಮೆ ಹೆಜ್ಜೆ ಇಡುತ್ತದೆ. ಟ್ಯಾಂಕಿನಂಥ ಸಣ್ಣ ವಸ್ತುವಿನ ನೆರಳು ಆ ಹೆಜ್ಜೆಗಳ ನಡುವೆ ಒಂದು ಚೌಕವನ್ನು ಹಾದುಹೋಗಿಬಿಡಬಹುದು.

ಮನೆ ಮಾಲೀಕರು, ಮಂಗಳೂರು

ನಮ್ಮ ಮನೆಯ ಪಕ್ಕ ತೆಂಗಿನಮರಗಳಿವೆ. ಗರಿಗಳ ಮಧ್ಯೆ ಬಿಸಿಲು ತೂರಿ ಬರುತ್ತದಲ್ಲ, ಅದಕ್ಕೆ ಯಾವ ಪದ? ನಕ್ಷೆಯಲ್ಲಿ ಚಾವಣಿಯ ಅರ್ಧ ಭಾಗವನ್ನು ಕಪ್ಪಾಗಿ ತೋರಿಸಿದ್ದರು. ನಾವು ಅಲ್ಲೇ ಹಪ್ಪಳ ಒಣಗಿಸುತ್ತೇವೆ.

ಭೂಮಾಹಿತಿ ತಂತ್ರಜ್ಞೆ

ಪ್ರಶ್ನೆ ಪದದ್ದಾದರೂ ನಿಮ್ಮ ಅನುಭವ ಮಾದರಿಯ ಮಿತಿಯನ್ನೇ ತೋರಿಸುತ್ತದೆ. ಮೇಲ್ಮೈ ಮಾದರಿಯಲ್ಲಿ ಒಂದು ಚೌಕಕ್ಕೆ ಒಂದೇ ಎತ್ತರ. ಆದ್ದರಿಂದ ತೆಂಗಿನ ತಲೆ ನೆಲದಿಂದ ಮೇಲಿನವರೆಗೆ ಗಟ್ಟಿ ಕಂಬವಾಗಿಬಿಡುತ್ತದೆ, ಕಾಂಡದ ಪಕ್ಕದಿಂದ ಬರುವ ಬಿಸಿಲಿಗೂ ಅಲ್ಲಿ ದಾರಿಯಿರದು. ಹಾಗೆಂದು ಹಪ್ಪಳ ಒಣಗುವಲ್ಲೆಲ್ಲ ಪ್ಯಾನೆಲ್ ಹಾಕಲಾಗದು: ಒಂದೇ ವಿದ್ಯುತ್ ಸರಣಿಯಲ್ಲಿ ಜೋಡಿಸಿದ ಪ್ಯಾನೆಲ್‌ಗಳಲ್ಲಿ ಒಂದರ ಮೂಲೆಗೆ ನೆರಳು ತಾಗಿದರೂ, ಮುಚ್ಚಿದ ಭಾಗಕ್ಕಿಂತ ಹೆಚ್ಚಿನ ನಷ್ಟವಾಗಬಹುದು.

ಅನುವಾದಕಿ, ಮೈಸೂರು

‘ಬೀಳುನೆರಳು’ ಎಂದು ತಿದ್ದಿಕೊಂಡೆ. ತೆಂಗಿನಂಥ ಅಡ್ಡಿಗಳಿಗೆ ‘ಬಿಸಿಲಮರೆ’ ಎಂದು ಬರೆಯುತ್ತೇನೆ. ಹಿಲ್‌ಶೇಡ್‌ಗೆ ‘ಇಳಿಜಾರಿನ ಛಾಯೆ’ ಎಂದು ಸದ್ಯಕ್ಕೆ ಇಟ್ಟಿದ್ದೇನೆ.

ಅಧ್ಯಾಪಕರು, ಧಾರವಾಡ

ನೆರಳು ಉತ್ತರಕ್ಕೇ ಬೀಳುತ್ತದೆಂಬ ಮಾತನ್ನು ಹಿಂದಕ್ಕೆ ಪಡೆದೆ. ಆದರೆ ನೆರಳಲ್ಲದ್ದನ್ನು ‘ಛಾಯೆ’ ಎನ್ನುವುದಕ್ಕೆ ನನ್ನ ಆಕ್ಷೇಪ ಹಾಗೆಯೇ ಇದೆ; ‘ಇಳಿಜಾರಿನ ಬೆಳಕು’ ಎನ್ನಬಾರದೇಕೆ?