ಎಂಟನೇ ತಿಂಗಳ ಎದೆಯುರಿ, ಕಾಲು ಊತ: ನಿಮ್ಮ ಅನುಭವ ಹೇಳಿ

ಪ್ರಶ್ನೆ: ನನಗೀಗ 34 ವಾರ. ಮಲಗಿದ ಕೂಡಲೇ ಎದೆಯುರಿ, ಸಂಜೆಗೆ ಪಾದ ಊದಿರುತ್ತೆ. ದಿಂಬು ಹೇಗಿಟ್ಟುಕೊಂಡರೆ ಒಳ್ಳೆಯದು? ಬಿಪಿ ಜಾಸ್ತಿಯಾದರೆ ಹೇಗೆ ಗೊತ್ತಾಗುತ್ತೆ?

ಇಬ್ಬರು ಮಕ್ಕಳ ಅಮ್ಮ: ತಲೆಯ ಕೆಳಗೆ ಮಾತ್ರ ದಿಂಬು ಪೇರಿಸಬೇಡಿ. ಕುತ್ತಿಗೆ ಬಾಗುತ್ತದೆ, ಹೊಟ್ಟೆ ಮಡಚಿಕೊಂಡು ಉರಿ ಇನ್ನೂ ಏರುತ್ತದೆ. ಸೊಂಟದಿಂದ ಮೇಲೆ ಪೂರ್ತಿ ಇಳಿಜಾರು ಬರಬೇಕು. ನಾವು ಮಂಚದ ತಲೆಯ ಕಡೆಯ ಕಾಲುಗಳ ಕೆಳಗೆ ಅಲುಗಾಡದ ಮರದ ತುಂಡು ಇಟ್ಟು ಅರ್ಧ ಅಡಿ ಎತ್ತರಿಸಿದ್ದೆವು. ಎಡಮಗ್ಗುಲಿಗೆ ಮಲಗಿ, ಮಂಡಿಗಳ ನಡುವೆ ಒಂದು ದಿಂಬು, ಹೊಟ್ಟೆಯ ಕೆಳಗೆ ಮಡಚಿದ ಟವೆಲ್ ಇಡಿ. ಊಟ ಸ್ವಲ್ಪ ಸ್ವಲ್ಪವೇ, ಐದಾರು ಸಲ. ಕೊನೆಯ ಊಟ ಮಲಗುವ ಮೂರು ಗಂಟೆ ಮೊದಲೇ ಮುಗಿಯಲಿ.

ಅನುಭವಿ ಅತ್ತಿಗೆ: ಉಪ್ಪು ಪೂರ್ತಿ ಬಿಡಿ, ನೀರೂ ಕಡಿಮೆ ಮಾಡಿ. ಕಾಲು ಎತ್ತರದಲ್ಲಿಟ್ಟು ಕೂತರೆ ಊತ ಇಳಿಯುತ್ತದೆ.

ಹೆರಿಗೆ ವಾರ್ಡಿನ ನರ್ಸ್: ಕಾಲು ಎತ್ತಿಡುವುದು ಸರಿ. ನೀರು ಮಾತ್ರ ಕಡಿಮೆ ಮಾಡಬೇಡಿ. ಉಪ್ಪು ಬಿಟ್ಟರೆ ಈ ಬಿಪಿ ಬರುವುದು ತಪ್ಪುವುದಿಲ್ಲ. ಸಂಜೆ ಊದಿ ಬೆಳಿಗ್ಗೆ ಇಳಿಯುವ ಪಾದದ ಊತ ಸಾಮಾನ್ಯ. ಮುಖ, ಕೈ ಇದ್ದಕ್ಕಿದ್ದ ಹಾಗೆ ಊದಿದರೆ, ಉಂಗುರ ತೆಗೆಯಲು ಬಾರದಂತಾದರೆ ತೋರಿಸಿ.

ಎಲ್ಲಕ್ಕಿಂತ ನನಗೆ ಚಿಂತೆಯಾಗುವುದು ಎದೆಯುರಿಯ ಹೆಸರಿನಲ್ಲಿ ಮರೆಯಾಗುವ ನೋವು. 35 ವಾರದ ಒಬ್ಬರು 'ಗ್ಯಾಸ್ಟ್ರಿಕ್' ಅಂತ ಸಿರಪ್ ಕುಡಿದಿದ್ದರು. ಉರಿ ಎದೆಯ ನಡುವಿನಿಂದ ಗಂಟಲಿಗೆ ಏರುತ್ತಿರಲಿಲ್ಲ. ಬಲ ಪಕ್ಕೆಲುಬಿನ ಕೆಳಗೇ ಕಚ್ಚಿ ಹಿಡಿದಂತೆ ನೋವು, ಎದ್ದು ಕೂತರೂ ಇಳಿಯಲಿಲ್ಲ. ಜೊತೆಗೆ ಪ್ಯಾರಾಸಿಟಮಾಲ್‌ಗೆ ಬಗ್ಗದ ತಲೆನೋವು. ಬಿಪಿ 156/104, ಮೂತ್ರದಲ್ಲಿ ಪ್ರೋಟೀನ್. ಅಂದೇ ದಾಖಲು ಮಾಡಿಕೊಂಡರು. ಇಂಥ ನೋವು, ಕಣ್ಣ ಮುಂದೆ ಮಿಂಚು ಅಥವಾ ಮಬ್ಬು, ತಲೆನೋವು ಇದ್ದರೆ ಬೆಳಗಾಗಲಿ ಅಂತ ಕಾಯಬೇಡಿ. ಆದರೆ ಬಿಪಿ ಏರಿದ ಎಷ್ಟೋ ಜನರಿಗೆ ಏನೂ ಅನಿಸುವುದೇ ಇಲ್ಲ, ಅದಕ್ಕೇ ಪ್ರತಿ ತಪಾಸಣೆಯಲ್ಲೂ ಅಳೆಸಿಕೊಳ್ಳಬೇಕು. ಮನೆಯಲ್ಲಿ ಅಳೆಯುವುದಾದರೆ ಐದು ನಿಮಿಷ ಸುಮ್ನೆ ಕೂತು, ಬೆನ್ನಿಗೆ ಆಸರೆ ಕೊಟ್ಟು, ತೋಳು ಎದೆಯ ಮಟ್ಟದಲ್ಲಿರಲಿ. 140/90 ಮುಟ್ಟಿದರೆ ಅಂದೇ ಫೋನ್ ಮಾಡಿ. 160/110 ಆದರೆ ನೇರ ಆಸ್ಪತ್ರೆಗೆ.

ಮೊದಲ ಬಸುರಿ: ನನಗೆ ಬರೀ ಎಡಗಾಲು ಊದಿದೆ, ಮೀನಖಂಡ ಮುಟ್ಟಿದರೆ ನೋವು. ನಾನೂ ದಿಂಬು ಇಟ್ಟುಕೊಂಡರೆ ಸಾಕಲ್ವಾ?

ನರ್ಸ್: ಸಾಲದಮ್ಮ. ಒಂದೇ ಕಾಲು ಊದಿ ನೋವಿದ್ದರೆ ರಕ್ತ ಹೆಪ್ಪುಗಟ್ಟಿರಬಹುದು. ಕಾಲನ್ನು ತಿಕ್ಕಬೇಡಿ, ಈಗಲೇ ಹೊರಡಿ. ಉಸಿರು ಕಟ್ಟಿದರೆ ಆಂಬುಲೆನ್ಸ್ ಕರೆಸಿ.

ಪ್ರಶ್ನೆ ಕೇಳಿದವರು: ನನ್ನ ಊತ ಬೆಳಿಗ್ಗೆ ಇಳಿಯುತ್ತೆ, ಉರಿ ಗಂಟಲಿಗೇ ಬರುತ್ತೆ. ಇವತ್ತೇ ಬಿಪಿ ನೋಡಿಸುತ್ತೇನೆ. ಆದರೆ ರಾತ್ರಿಯಿಡೀ ಎಡಕ್ಕೇ ಮಲಗಿದರೆ ಸೊಂಟ ಹಿಡಿಯುತ್ತೆ. ಬಲಕ್ಕೆ ತಿರುಗಿದರೆ ಉರಿ. ಇದಕ್ಕೆ ಯಾರಾದರೂ ದಾರಿ ಕಂಡುಕೊಂಡಿದ್ದೀರಾ?